ಕತ್ತಲಿನ ಆಕಾಶದಲ್ಲಿ ಮೆಟ್ಟಿಲುಗಳು

2019ರ ಏಪ್ರಿಲ್ 28ರಂದು ‘ಗೇಮ್ ಆಫ್ ಥ್ರೋನ್ಸ್’ ಧಾರಾವಾಹಿಯ ‘ದಿ ಲಾಂಗ್ ನೈಟ್’ ಕಂತು ಪ್ರಸಾರವಾಯಿತು. ಇಡೀ ಕಂತು ರಾತ್ರಿಯ ಯುದ್ಧ. ಎಷ್ಟೋ ಮನೆಗಳಲ್ಲಿ ಕಂಡದ್ದು ಮಾತ್ರ ಮಂಜಿನ ಜಾಗದಲ್ಲಿ ನಕಾಶೆಯ ಗೆರೆಗಳಂಥ ಬೂದು ಪಟ್ಟೆಗಳು. ಗಲಾಟೆಯಾದಾಗ ಛಾಯಾಗ್ರಾಹಕ ಫೇಬಿಯನ್ ವಾಗ್ನರ್ ಬೆರಳು ತೋರಿಸಿದ್ದು ಜನರ ಟಿವಿ ಸೆಟ್ಟಿಂಗ್ ಕಡೆಗೆ, ಜೊತೆಗೆ ವಿಡಿಯೊ ಕಂಪ್ರೆಷನ್ ಕಡೆಗೆ. ಅಂಥ ಪಟ್ಟೆಗೆ ಬ್ಯಾಂಡಿಂಗ್ ಎನ್ನುತ್ತಾರೆ.

ಒಂದು ರಾತ್ರಿ ಆಕಾಶವನ್ನೇ ಲೆಕ್ಕ ಹಾಕೋಣ. ಸಾಮಾನ್ಯ 8 ಬಿಟ್ ವಿಡಿಯೊದಲ್ಲಿ ಹೊಳಪನ್ನು ಇಡಿ ಅಂಕಿಗಳಲ್ಲೇ ಬರೆಯಬೇಕು. 16 ಎಂದರೆ ಕಪ್ಪು, 235 ಎಂದರೆ ಬಿಳಿ. ನಮ್ಮ ಆಕಾಶ ಪರದೆಯ ಎಡತುದಿಯಲ್ಲಿ 24, ಬಲತುದಿಯಲ್ಲಿ 40 ಎಂದಿಟ್ಟುಕೊಳ್ಳಿ. 24 ಮತ್ತು 25ರ ನಡುವೆ ಅಂಕಿಯೇ ಇಲ್ಲ, ಹಾಗಾಗಿ ಇಳಿಜಾರು ಹದಿನಾರು ಮೆಟ್ಟಿಲಾಗುತ್ತದೆ. 1920 ಪಿಕ್ಸೆಲ್ ಅಗಲದ ಚಿತ್ರದಲ್ಲಿ ಒಂದೊಂದು ಮೆಟ್ಟಿಲಿಗೆ 120 ಪಿಕ್ಸೆಲ್. 55 ಇಂಚಿನ ಟಿವಿಯಲ್ಲಿ ಅದು ಸುಮಾರು ಏಳೂವರೆ ಸೆಂಟಿಮೀಟರ್. 4ಕೆ ಟಿವಿ ತಂದರೂ ಈ ಅಗಲ ಕಿರಿದಾಗುವುದಿಲ್ಲ. ಪಿಕ್ಸೆಲ್ ಹೆಚ್ಚಿದವೇ ಹೊರತು ಅಂಕಿ ಹೆಚ್ಚಲಿಲ್ಲವಲ್ಲ! 10 ಬಿಟ್‌ನಲ್ಲಾದರೆ ಪ್ರತಿ ಮೆಟ್ಟಿಲೂ ನಾಲ್ಕಾಗಿ ಒಡೆಯುತ್ತದೆ.

ಕತ್ತಲಲ್ಲೇ ಏಕೆ ಇದು ಹೆಚ್ಚು ಕಾಣುತ್ತದೆ? 24ರಿಂದ 25ಕ್ಕೆ ಹತ್ತಿದಾಗ ಪರದೆಯ ಬೆಳಕು ಹೆಚ್ಚುಕಡಿಮೆ ಮೂರನೇ ಒಂದು ಭಾಗದಷ್ಟು ಏರುತ್ತದೆ. ಬಿಳಿಯ ಹತ್ತಿರ ಅದೇ ಒಂದು ಅಂಕಿಗೆ ಬೆಳಕು ಏರುವುದು ನೂರಕ್ಕೆ ಒಂದರಷ್ಟು. ಅದರ ಮೇಲೆ ನಮ್ಮ ಕಣ್ಣು ಬೇರೆ ಅಂಚನ್ನು ಕಂಡರೆ ಅದನ್ನು ಎತ್ತಿ ತೋರಿಸುತ್ತದೆ. ಅಂಚಿನ ಆಚೆ ಇನ್ನಷ್ಟು ಬೆಳಕು, ಈಚೆ ಇನ್ನಷ್ಟು ಕತ್ತಲೆ ಇದ್ದಂತೆ ಭಾಸವಾಗುವ ಈ ಭ್ರಮೆಯನ್ನು 1865ರಲ್ಲಿ ಅರ್ನ್‌ಸ್ಟ್ ಮಾಖ್ ವಿವರಿಸಿದ.

ಹಾಗಿದ್ದರೆ 8 ಬಿಟ್ ವಿಡಿಯೊಗಳಲ್ಲೆಲ್ಲ ಪಟ್ಟೆ ಕಾಣಬೇಕಿತ್ತು. ಕಾಣುವುದಿಲ್ಲ. ಕ್ಯಾಮೆರಾದಿಂದ ಬಂದ ಚಿತ್ರದಲ್ಲಿ ಸಣ್ಣ ಮರಳಿನಂಥ ಗ್ರೇನ್ ಇರುತ್ತದೆ, ನಮ್ಮನ್ನು ಕಾಯುವುದು ಅದೇ. ಇಪ್ಪತ್ತನಾಲ್ಕೂವರೆ ಬೇಕಾದ ಕಡೆ ಅರ್ಧ ಪಿಕ್ಸೆಲ್‌ಗಳು 24, ಉಳಿದರ್ಧ 25 ಆಗಿ ಚೆಲ್ಲಾಪಿಲ್ಲಿಯಾಗಿ ಬೀಳುತ್ತವೆ. ದೂರದಿಂದ ನೋಡುವ ಕಣ್ಣು ಎರಡನ್ನೂ ಬೆರೆಸಿಕೊಳ್ಳುತ್ತದೆ. ಕಪ್ಪು ಶಾಯಿಯ ಚುಕ್ಕೆಗಳಿಂದಲೇ ಪತ್ರಿಕೆಯವರು ಬೂದು ಬಣ್ಣ ಹುಟ್ಟಿಸುವುದೂ ಹೀಗೆಯೇ. ಬೇಕೆಂದೇ ಹೀಗೆ ಬೆರೆಸುವುದಕ್ಕೆ ಡಿದರಿಂಗ್ ಎಂದು ಹೆಸರು.

ಕಂಪ್ರೆಷನ್ ಮೊದಲು ಕೊಲ್ಲುವುದು ಈ ಗ್ರೇನ್ ಅನ್ನೇ. ಎನ್‌ಕೋಡರ್ ಚಿತ್ರವನ್ನು ಚಿಕ್ಕ ಚಿಕ್ಕ ಚೌಕಗಳಾಗಿ ಕತ್ತರಿಸಿ, ಪ್ರತಿ ಚೌಕವನ್ನೂ ಒಂದು ಸರಾಸರಿ ಮತ್ತು ಅದರ ಮೇಲಿನ ಏರಿಳಿತಗಳಾಗಿ ಬರೆಯುತ್ತದೆ. ಆಮೇಲೆ ಆ ಏರಿಳಿತಗಳನ್ನು ದೊಡ್ಡ ಸಂಖ್ಯೆಯೊಂದರಿಂದ ಭಾಗಿಸಿ ದುಂಡುಮಾಡುತ್ತದೆ. ಆಕಾಶದ ಒಂದು ಚೌಕದೊಳಗಿನ ಏರಿಳಿತ ಎಷ್ಟಿದ್ದೀತು? ಒಂದೋ ಎರಡೋ ಅಂಕಿ. ದುಂಡುಮಾಡಿದಾಗ ಅದು ಸೊನ್ನೆ. ಚೌಕವೆಲ್ಲ ಒಂದೇ ಬಣ್ಣ, ಪಕ್ಕದ್ದೂ ಹಾಗೇ. ಇಂಟರ್ನೆಟ್ ನಿಧಾನವಾದಂತೆ ಭಾಜಕ ದೊಡ್ಡದಾಗುತ್ತದೆ, ಪಟ್ಟೆ 24ರಿಂದ ನೇರವಾಗಿ 27ಕ್ಕೆ ಜಿಗಿಯಲೂಬಹುದು. ಕತ್ತಲೆಯಲ್ಲಿ ಯಾರು ನೋಡುತ್ತಾರೆ ಎಂದು ಎನ್‌ಕೋಡರ್‌ಗಳು ಅಲ್ಲಿ ಬಿಟ್‌ಗಳ ಜಿಪುಣತನ ಮಾಡುವುದುಂಟು. ಅದಕ್ಕೆ x264ರಂಥ ಎನ್‌ಕೋಡರ್‌ನಲ್ಲಿ `aq-mode=3` ಎಂಬ ಆಯ್ಕೆಯೇ ಇದೆ. ಅದು ಕತ್ತಲ ಭಾಗಗಳಿಗೆ ಹೆಚ್ಚು ಪಾಲು ಕೊಡುತ್ತದೆ.

ಪ್ಯಾನೆಲ್ ನಿರಪರಾಧಿ ಎಂದು ನಾನು ಹೇಳುತ್ತಿಲ್ಲ. ಅಗ್ಗದ ಮಾನಿಟರ್‌ಗಳಲ್ಲಿ ಎಷ್ಟೋ ಪ್ಯಾನೆಲ್‌ಗಳು ನಿಜಕ್ಕೂ 6 ಬಿಟ್‌ನವು, ಪ್ರತಿ ಬಣ್ಣಕ್ಕೆ 64 ಹಂತ ಮಾತ್ರ. ನಡುವಿನ ಹಂತ ಬೇಕಾದಾಗ ಪಿಕ್ಸೆಲ್ ಒಂದು ಫ್ರೇಮಿನಲ್ಲಿ ಮೇಲಿನ ಹಂತ, ಮತ್ತೊಂದರಲ್ಲಿ ಕೆಳಗಿನ ಹಂತ ತೋರಿಸಿ ಕಣ್ಣಿಗೆ ಮಂಕುಬೂದಿ ಎರಚುತ್ತದೆ. ಈ ಉಪಾಯ ಬಹುಪಾಲು ಚೆನ್ನಾಗಿಯೇ ನಡೆಯುತ್ತದೆ. ಆದರೆ 10 ಬಿಟ್ ಪ್ಯಾನೆಲ್‌ಗೆ ದುಡ್ಡು ಸುರಿದು ಗ್ರೇನ್ ಸತ್ತ 8 ಬಿಟ್ ವಿಡಿಯೊ ಹಾಕಿದರೆ ಅದು ಆ ಪಟ್ಟೆಗಳನ್ನೇ ನಿಷ್ಠೆಯಿಂದ ತೋರಿಸುತ್ತದೆ.

ತಪ್ಪು ಯಾರದೆಂದು ಕಂಡುಹಿಡಿಯಬಹುದು. ವಿಡಿಯೊ ನಿಲ್ಲಿಸಿ ಸ್ಕ್ರೀನ್‌ಶಾಟ್ ತೆಗೆಯಿರಿ. ಅದರಲ್ಲಿ ಸಿಗುವುದು ಪ್ಯಾನೆಲ್‌ಗೆ ಹೋಗುವ ಮುಂಚಿನ ಅಂಕಿಗಳು. ಒಳ್ಳೆಯ ಬೇರೊಂದು ಪರದೆಯಲ್ಲಿ ತೆರೆದಾಗ ಪಟ್ಟೆ ಮಾಯವಾದರೆ ನಿಮ್ಮ ಪ್ಯಾನೆಲ್ಲನ್ನೋ ಅದರ ಸೆಟ್ಟಿಂಗನ್ನೋ ಬೈಯಬಹುದು. ಅಲ್ಲೂ ಉಳಿದರೆ ಅದು ವಿಡಿಯೊದಲ್ಲೇ ಇದೆ. ಓಟಿಟಿ ಆ್ಯಪ್‌ಗಳಲ್ಲಿ ಸ್ಕ್ರೀನ್‌ಶಾಟ್ ಕಪ್ಪಾಗಿ ಬಂದೀತು; ಆಗ ಅದೇ ದೃಶ್ಯವನ್ನು ಇನ್ನೊಂದು ಪರದೆಯಲ್ಲಿ ಹಾಕಿ ನೋಡುವುದೇ ದಾರಿ. ಇನ್ನೊಂದು ಗುರುತೂ ಇದೆ: ಚಲಿಸದ ಆಕಾಶದಲ್ಲಿ ಪಟ್ಟೆಯ ಅಂಚು ಚೌಕ ಚೌಕವಾಗಿದ್ದು, ಕೆಲವು ಕ್ಷಣಗಳಿಗೊಮ್ಮೆ ಜಾಗ ಬದಲಿಸಿದರೆ ಅದು ಕಂಪ್ರೆಷನ್ನಿನ ಕೈವಾಡ.

ಎವಿ1 ಎಂಬ ಹೊಸ ಕಂಪ್ರೆಷನ್ ವಿಧಾನದಲ್ಲಿ ಗ್ರೇನ್ ಅನ್ನು ಕಳಿಸುವುದನ್ನೇ ಬಿಡಲು ಅವಕಾಶವಿದೆ. ಮೊದಲೇ ಅದನ್ನು ತೆಗೆದು, ಅದರ ಒರಟುತನದ ವಿವರವನ್ನು ನಾಲ್ಕಾರು ಅಂಕಿಗಳಲ್ಲಿ ಬರೆದು ಜೊತೆಗೆ ಕಳಿಸುತ್ತಾರೆ. ನಿಮ್ಮ ಮನೆಯ ಟಿವಿ ಆ ವಿವರ ಓದಿ, ಹೊಸದಾಗಿ ಗ್ರೇನ್ ಹುಟ್ಟಿಸಿ, ಆಕಾಶದ ಮೇಲೆ ಉದುರಿಸುತ್ತದೆ.