ಕೊಚ್ಚಿಯಿಂದ ಹ್ಯಾಂಬರ್ಗ್‌ಗೆ ಹೊರಟ ಮೆಣಸು: ಜಗಳ ಬಂದರೆ ಯಾವ ದೇಶದ ಕಾನೂನು? ಒಪ್ಪಂದದ ಒಂದು ಸಾಲು ಲಕ್ಷಗಟ್ಟಲೆ ಹಣ ಉಳಿಸಬಹುದು, ಕಳೆಯಲೂಬಹುದು

ಕೊಡಗು, ಸಕಲೇಶಪುರ, ಚಿಕ್ಕಮಗಳೂರಿನ ತೋಟಗಳ ಕಾಳುಮೆಣಸಿಗೂ ಕೊಚ್ಚಿಗೂ ಹಳೆಯ ನಂಟು. ಬೆಳೆ ಕರ್ನಾಟಕದ್ದಾದರೂ ದರ ಕೇಳಬೇಕಾದರೆ ಬೆಳೆಗಾರರು ಇಂದಿಗೂ ಕೊಚ್ಚಿ ಮಾರುಕಟ್ಟೆಯತ್ತಲೇ ನೋಡುತ್ತಾರೆ. ಸಾಂಬಾರ ಮಂಡಳಿಯ ಕೇಂದ್ರ ಕಚೇರಿ ಇರುವುದೂ ಅಲ್ಲೇ. ಅಲ್ಲಿಂದ ಮೆಣಸು ಕಂಟೇನರ್ ಏರಿ ಯುರೋಪ್, ಅಮೆರಿಕಗಳಿಗೆ ಹೋಗುತ್ತದೆ. ಹೋದ ಸರಕಿನ ಬಗ್ಗೆ ತಕರಾರು ಬಂದರೆ ಅದನ್ನು ತೀರ್ಮಾನಿಸುವುದು ಯಾವ ದೇಶದ ಕಾನೂನು? ಭಾರತದ್ದೋ, ಖರೀದಿದಾರನ ದೇಶದ್ದೋ ಅಥವಾ ಎರಡೂ ಅಲ್ಲದ ಅಂತಾರಾಷ್ಟ್ರೀಯ ನಿಯಮವೋ?

ಒಂದು ಉದಾಹರಣೆ ನೋಡೋಣ. ಕೊಚ್ಚಿ ಪಕ್ಕದ ತ್ರಿಪ್ಪುಣಿತ್ತುರದಲ್ಲಿ ಕಚೇರಿ ಇರುವ ಒಬ್ಬ ರಫ್ತುದಾರ, ಜರ್ಮನಿಯ ಹ್ಯಾಂಬರ್ಗ್‌ನ ವ್ಯಾಪಾರಿಗೆ 13 ಟನ್ ಮಲಬಾರ್ ಕರಿಮೆಣಸನ್ನು ಟನ್‌ಗೆ 7,000 ಡಾಲರ್‌ನಂತೆ ಮಾರಿದ್ದಾನೆ ಎಂದುಕೊಳ್ಳಿ. ಒಟ್ಟು 91,000 ಡಾಲರ್. ಸರಕು ತಲುಪುವಷ್ಟರಲ್ಲಿ ದರ 6,000ಕ್ಕೆ ಇಳಿದಿದೆ. ಅದೇ ಹೊತ್ತಿಗೆ, ಚೀಲಗಳಲ್ಲಿ ಬೇರೆ ದೇಶದ ಮೆಣಸೂ ಬೆರೆತಿದೆ ಎಂಬುದು ಖರೀದಿದಾರನಿಗೆ ತಿಳಿಯುತ್ತದೆ. ಮೆಣಸು ತಿನ್ನಲು ಯೋಗ್ಯ, ಮಾರಲೂ ಅಡ್ಡಿಯಿಲ್ಲ. ಆದರೆ 'ಮಲಬಾರ್' ಎಂಬ ಮಾತು ಮಾತ್ರ ಪೂರ್ತಿ ನಿಜವಲ್ಲ. ಖರೀದಿದಾರ ಇಡೀ ಸರಕನ್ನೇ ವಾಪಸ್ ತೆಗೆದುಕೊಳ್ಳಿ ಎನ್ನುತ್ತಾನೆ. ದರ ಕುಸಿದಾಗ ಇಂಥ ಪತ್ರಗಳು ಬೇಗ ಬರುತ್ತವೆ ಎಂಬುದು ವ್ಯಾಪಾರಿಗಳಿಗೆ ಗೊತ್ತಿರುವ ಮಾತೇ.

ಭಾರತದ ಕಾನೂನಾದರೆ...

ನಮ್ಮಲ್ಲಿರುವುದು 1930ರ ಸರಕು ಮಾರಾಟ ಕಾಯ್ದೆ. ಬ್ರಿಟಿಷರ ಕಾಲದ್ದು, ಇಂಗ್ಲಿಷ್ ಕಾನೂನಿನ ಅಚ್ಚಿನಲ್ಲೇ ತಯಾರಾದದ್ದು. ಅದರ 15ನೇ ಸೆಕ್ಷನ್ ಪ್ರಕಾರ, ವಿವರಣೆ ಕೊಟ್ಟು ಮಾರಿದ ಸರಕು ಆ ವಿವರಣೆಗೆ ಹೊಂದಲೇಬೇಕು. ಇದನ್ನು ಕಾಯ್ದೆ ಸಾಧಾರಣ ಭರವಸೆ ಎನ್ನದೆ 'ಷರತ್ತು' ಎಂದು ಕರೆಯುತ್ತದೆ. ಷರತ್ತು ಮುರಿದರೆ ಖರೀದಿದಾರ ಸರಕನ್ನು ತಿರಸ್ಕರಿಸಬಹುದು. ಅದರಿಂದ ಅವನಿಗೆ ಎಷ್ಟು ನಷ್ಟವಾಯಿತು ಎಂಬ ಪ್ರಶ್ನೆ ಅಲ್ಲಿ ಮುಖ್ಯವಲ್ಲ.

ಹಾಗೆಂದು ಖರೀದಿದಾರ ಸುಮ್ಮನೆ ಕೂರುವಂತಿಲ್ಲ. ಸರಕು ಪರೀಕ್ಷಿಸಲು ಅವಕಾಶ ಸಿಕ್ಕ ಮೇಲೂ ಸಮಂಜಸ ಸಮಯದೊಳಗೆ ತಿರಸ್ಕರಿಸದೆ ಇಟ್ಟುಕೊಂಡರೆ ಒಪ್ಪಿಕೊಂಡಂತಾಗುತ್ತದೆ. ಆಮೇಲೆ ಸಾಮಾನ್ಯವಾಗಿ ಪರಿಹಾರ ಕೇಳಬಹುದೇ ಹೊರತು ಸರಕು ಹಿಂದಿರುಗಿಸಲಾಗದು. ನಮ್ಮ ಖರೀದಿದಾರ ತಕ್ಷಣವೇ ತಿರಸ್ಕರಿಸಿದ್ದಾನೆ ಎನ್ನೋಣ. ಆಗ ರಫ್ತುದಾರ ಹ್ಯಾಂಬರ್ಗ್‌ನಲ್ಲಿ ಬಿದ್ದಿರುವ ಮೆಣಸಿಗೆ ಬೇರೆ ಗಿರಾಕಿ ಹುಡುಕಬೇಕು. ಬೆರಕೆ ಮೆಣಸಿಗೆ ಟನ್‌ಗೆ 5,700 ಡಾಲರ್ ಸಿಕ್ಕಿತೆಂದರೆ ಕೈಗೆ ಬರುವುದು 74,100 ಡಾಲರ್. ಗೋದಾಮು ಬಾಡಿಗೆ, ದಲ್ಲಾಳಿ ಖರ್ಚು ಬೇರೆ.

ಏನಿದು ಸಿಐಎಸ್‌ಜಿ?

ದೇಶದಿಂದ ದೇಶಕ್ಕೆ ಮಾರಾಟ ಕಾನೂನು ಬೇರೆಯಾಗಿರುವುದರಿಂದಲೇ ವಿಶ್ವಸಂಸ್ಥೆಯ ಆಶ್ರಯದಲ್ಲಿ 1980ರ ಏಪ್ರಿಲ್‌ 11ರಂದು ವಿಯೆನ್ನಾದಲ್ಲಿ ಒಂದು ಒಪ್ಪಂದ ರೂಪುಗೊಂಡಿತು. ಅಂತಾರಾಷ್ಟ್ರೀಯ ಸರಕು ಮಾರಾಟಕ್ಕೆ ಏಕರೂಪದ ನಿಯಮಗಳನ್ನು ಕೊಡುವ ಇದನ್ನು ಚಿಕ್ಕದಾಗಿ ಸಿಐಎಸ್‌ಜಿ ಎನ್ನುತ್ತಾರೆ. ಜಾರಿಗೆ ಬಂದದ್ದು 1988ರ ಜನವರಿ 1ರಂದು. ಜರ್ಮನಿ, ಅಮೆರಿಕ, ಚೀನಾ, ಜಪಾನ್ ಸೇರಿ 90ಕ್ಕೂ ಹೆಚ್ಚು ದೇಶಗಳು ಇದರಲ್ಲಿವೆ. ಭಾರತ ಸೇರಿಲ್ಲ, ಬ್ರಿಟನ್ನೂ ಸೇರಿಲ್ಲ. ವ್ಯಾಪಾರಿಗಳ ನಡುವಿನ ಮಾರಾಟಕ್ಕಷ್ಟೇ ಇದರ ಗಮನ. ಮನೆ ಬಳಕೆಗೆ ಆನ್‌ಲೈನ್‌ನಲ್ಲಿ ತರಿಸುವ ವಸ್ತುವಿಗೆ ಇದು ಅನ್ವಯಿಸದು.

ಇದರಡಿ ನಮ್ಮ ಮೆಣಸಿನ ಕತೆಯೇ ಬದಲಾಗುತ್ತದೆ. ವಿವರಣೆ ತಪ್ಪಿದ್ದು ಇಲ್ಲೂ ಉಲ್ಲಂಘನೆಯೇ. ಆದರೆ ಒಪ್ಪಂದವನ್ನೇ ಮುರಿಯಬೇಕಾದರೆ ಅದು 'ಮೂಲಭೂತ ಉಲ್ಲಂಘನೆ' ಆಗಿರಬೇಕು. ಅಂದರೆ, ಒಪ್ಪಂದದಿಂದ ಖರೀದಿದಾರ ನಿರೀಕ್ಷಿಸಿದ್ದ ಲಾಭವನ್ನು ಬಹುಮಟ್ಟಿಗೆ ಕಸಿದುಕೊಂಡಿರಬೇಕು.

ಇದಕ್ಕೆ ಹತ್ತಿರದ ತೀರ್ಪೊಂದು 1996ರ ಏಪ್ರಿಲ್ 3ರಂದು ಜರ್ಮನಿಯ ಸರ್ವೋಚ್ಚ ಸಿವಿಲ್ ನ್ಯಾಯಾಲಯದಿಂದ ಬಂದಿದೆ. ನೆದರ್ಲೆಂಡ್ಸ್‌ನ ಮಾರಾಟಗಾರ ಕೋಬಾಲ್ಟ್ ಸಲ್ಫೇಟ್ ಎಂಬ ರಾಸಾಯನಿಕವನ್ನು ಬ್ರಿಟನ್ ಮೂಲದ್ದೆಂದು ಜರ್ಮನ್ ಕಂಪನಿಗೆ ಮಾರಿದ್ದ. ಅದು ದಕ್ಷಿಣ ಆಫ್ರಿಕಾದ್ದು ಎಂದು ತಿಳಿದಾಗ ಖರೀದಿದಾರ ಒಪ್ಪಂದ ರದ್ದು ಎಂದ. ಮೂಲದ ಪ್ರಮಾಣಪತ್ರವೂ ತಪ್ಪಾಗಿತ್ತು. ಆದರೂ ನ್ಯಾಯಾಲಯ ಒಪ್ಪಲಿಲ್ಲ. ಆ ಸರಕನ್ನು ಜರ್ಮನಿಯಲ್ಲೋ ಹೊರಗೋ ಮಾರಲು ಸಾಧ್ಯವೇ ಇರಲಿಲ್ಲ ಎಂದು ಖರೀದಿದಾರ ತೋರಿಸಿಲ್ಲ, ಹಾಗಾಗಿ ಉಲ್ಲಂಘನೆ ಮೂಲಭೂತವಲ್ಲ ಎಂದಿತು.

ಅದೇ ದಾರಿ ಹಿಡಿದರೆ ಹ್ಯಾಂಬರ್ಗ್‌ನ ವ್ಯಾಪಾರಿ ಮೆಣಸು ಇಟ್ಟುಕೊಳ್ಳಬೇಕಾಗಬಹುದು. ಬದಲಿಗೆ 50ನೇ ವಿಧಿಯಂತೆ ಬೆಲೆ ಇಳಿಸಿಕೊಳ್ಳಬಹುದು. ಲೆಕ್ಕ ಅನುಪಾತದ್ದು: ಸರಕು ತಲುಪಿದ ಸಮಯದಲ್ಲಿ ಅಪ್ಪಟ ಮಲಬಾರ್ ಮೆಣಸಿನ ದರ 6,000, ಬಂದ ಮೆಣಸಿನ ದರ 5,700. ಅಂದರೆ ಬೆಲೆಯ ಶೇ 95. ಒಪ್ಪಿದ್ದ 7,000ದ ಶೇ 95 ಎಂದರೆ 6,650. ಹದಿಮೂರು ಟನ್‌ಗೆ 86,450 ಡಾಲರ್. ಭಾರತದ ಕಾಯ್ದೆಯಡಿ ಸಿಕ್ಕಿದ್ದಕ್ಕಿಂತ 12,350 ಡಾಲರ್ ಹೆಚ್ಚು! ಮೆಣಸು ಅದೇ, ತಪ್ಪೂ ಅದೇ. ದರ ಕುಸಿತದ ಹೊರೆ ಯಾರ ತಲೆಗೆ ಎಂಬುದಷ್ಟೇ ಬದಲಾಯಿತು.

ಇದನ್ನು ಎಲ್ಲ ತಪ್ಪಿಗೂ ಹಚ್ಚುವಂತಿಲ್ಲ. ಮೆಣಸಿನಲ್ಲಿ ಮಾರಾಟವನ್ನೇ ತಡೆಯುವಷ್ಟು ವಿಷದ ಅಂಶ ಇದ್ದು, ಅದಕ್ಕೆ ಮಾರಾಟಗಾರನೇ ಹೊಣೆ ಎಂದಾದರೆ ಸಿಐಎಸ್‌ಜಿಯಡಿಯೂ ಒಪ್ಪಂದ ಮುರಿಯುವ ಸಾಧ್ಯತೆ ಹೆಚ್ಚು. 'ಮೂಲ ಮಲಬಾರ್ ಆಗಿರುವುದೇ ಈ ಒಪ್ಪಂದದ ಜೀವಾಳ' ಎಂದು ಇಬ್ಬರೂ ಬರೆದುಕೊಂಡಿದ್ದರೂ ಅಷ್ಟೇ.

ಭಾರತ ಸೇರಿಲ್ಲ ಎಂದ ಮೇಲೆ ನಮಗೇಕೆ?

ಇಲ್ಲೇ ಹಲವರು ಎಡವುವುದು. ಎರಡೂ ದೇಶಗಳು ಸದಸ್ಯರಾಗಿದ್ದರೆ ಸಿಐಎಸ್‌ಜಿ ತಾನಾಗಿ ಅನ್ವಯಿಸುತ್ತದೆ. ಆದರೆ ಅದಕ್ಕೆ ಇನ್ನೊಂದು ಬಾಗಿಲೂ ಇದೆ. ಅನ್ವಯವಾಗುವ ಕಾನೂನು ಸದಸ್ಯ ದೇಶದ್ದು ಎಂದಾದರೆ, ಆ ದೇಶದ ಕಾನೂನಿನ ಭಾಗವಾಗಿ ಸಿಐಎಸ್‌ಜಿಯೂ ಬರುತ್ತದೆ.

ಹಾಗಾಗಿ ಒಪ್ಪಂದದಲ್ಲಿ 'ಜರ್ಮನ್ ಕಾನೂನು ಅನ್ವಯ' ಎಂದಷ್ಟೇ ಬರೆದರೆ, ಜರ್ಮನ್ ನ್ಯಾಯಾಲಯ ಮೊದಲು ತೆರೆಯುವುದು ಜರ್ಮನಿಯ ನಾಗರಿಕ ಸಂಹಿತೆಯನ್ನಲ್ಲ, ಸಿಐಎಸ್‌ಜಿಯನ್ನು. ಅಮೆರಿಕದ ಮೇಲ್ಮನವಿ ನ್ಯಾಯಾಲಯವೊಂದು 2003ರಲ್ಲಿ ಇದೇ ಮಾತು ಹೇಳಿತು. ಈಕ್ವೆಡಾರ್‌ಗೆ ಗ್ಯಾಸೋಲಿನ್ ಮಾರಿದ ಆ ಒಪ್ಪಂದದಲ್ಲಿ 'ಈಕ್ವೆಡಾರ್ ಕಾನೂನು' ಎಂದಿತ್ತು. ಸಿಐಎಸ್‌ಜಿಯೂ ಈಕ್ವೆಡಾರ್ ಕಾನೂನೇ, ದೇಶದ ಹೆಸರು ಹೇಳಿದ ಮಾತ್ರಕ್ಕೆ ಅದು ಹೊರಗಾಗದು ಎಂದು ನ್ಯಾಯಾಲಯ ತೀರ್ಮಾನಿಸಿತು.

ಒಪ್ಪಂದದಲ್ಲಿ ಕಾನೂನಿನ ಮಾತೇ ಇಲ್ಲದಿದ್ದರೆ? ಯುರೋಪಿಯನ್ ಒಕ್ಕೂಟದ ರೋಮ್-1 ನಿಯಮದ ಪ್ರಕಾರ ಸರಕು ಮಾರಾಟಕ್ಕೆ ಮಾರಾಟಗಾರ ಇರುವ ದೇಶದ ಕಾನೂನು. ತ್ರಿಪ್ಪುಣಿತ್ತುರದವನು ಮಾರಿದರೆ ಜರ್ಮನ್ ನ್ಯಾಯಾಲಯವೂ 1930ರ ಭಾರತೀಯ ಕಾಯ್ದೆಯನ್ನೇ ನೋಡಬೇಕು. ಅದೇ ವ್ಯಕ್ತಿ ಜರ್ಮನಿಯಿಂದ ಮೆಣಸು ಶುದ್ಧೀಕರಿಸುವ ಯಂತ್ರ ತರಿಸಿಕೊಂಡರೆ ಮಾರಾಟಗಾರ ಜರ್ಮನ್, ಕಾನೂನು ಜರ್ಮನಿಯದು, ಅದರ ಜೊತೆಗೆ ಸಿಐಎಸ್‌ಜಿ. ಭಾರತ ಸಹಿ ಹಾಕದ ಒಪ್ಪಂದ ಭಾರತೀಯನಿಗೆ ಅನ್ವಯಿಸುವುದು ಹೀಗೆ.

ದಾವೆ ಕೇರಳದ ನ್ಯಾಯಾಲಯದಲ್ಲಿ ಬಿದ್ದರೆ ಇಂಥ ನೇರ ಸೂತ್ರವಿಲ್ಲ. ಎನ್‌ಟಿಪಿಸಿ ಮತ್ತು ಸಿಂಗರ್ ಕಂಪನಿ ನಡುವಿನ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 1992ರಲ್ಲಿ ಹೇಳಿದಂತೆ, ಮೊದಲು ಎರಡೂ ಕಡೆಯವರು ಆರಿಸಿಕೊಂಡ ಕಾನೂನು. ಇಲ್ಲವಾದರೆ ಒಪ್ಪಂದಕ್ಕೆ ಅತ್ಯಂತ ನಿಕಟ, ನಿಜವಾದ ಸಂಬಂಧವಿರುವ ದೇಶದ ಕಾನೂನು.

ಅಮೆರಿಕ, ಚೀನಾ ಮತ್ತು ಸಿಂಗಪುರ ಈ ಎರಡನೇ ಬಾಗಿಲನ್ನು ತಮಗೆ ಬೇಡವೆಂದು ಘೋಷಿಸಿವೆ. ಆದ್ದರಿಂದ ಕೊಚ್ಚಿಯ ವ್ಯಾಪಾರಿ ಸಿಂಗಪುರದ ಕಾನೂನು ಒಪ್ಪಿ ಅಲ್ಲಿಯೇ ವ್ಯಾಜ್ಯ ನಡೆದರೆ, ಬರುವುದು ಸಿಂಗಪುರದ ದೇಶೀಯ ಮಾರಾಟ ಕಾನೂನು, ಸಿಐಎಸ್‌ಜಿ ಅಲ್ಲ.

ಅಂದಹಾಗೆ, 'ಎಫ್‌ಒಬಿ ಕೊಚ್ಚಿ' ಎಂದು ಬರೆದಿದ್ದೇವಲ್ಲ, ಭಾರತದ ಕಾನೂನೇ ಅನ್ವಯ ಎಂದುಕೊಳ್ಳುವವರಿದ್ದಾರೆ. ಎಫ್‌ಒಬಿ ಹೇಳುವುದು ಸರಕು ಎಲ್ಲಿ ಹಸ್ತಾಂತರ, ಖರ್ಚು ಮತ್ತು ಅಪಾಯ ಎಲ್ಲಿಂದ ಯಾರದು ಎಂಬುದನ್ನು ಮಾತ್ರ. ಬಂದರು ಕೊಚ್ಚಿಯಾಗಲಿ, ತಿರುವನಂತಪುರದ ವಿಳಿಂಜಂ ಆಗಲಿ, ಅನ್ವಯ ಕಾನೂನಿನ ಆಯ್ಕೆ ಅದರಿಂದ ಆಗದು.

ಬೇಡ ಎಂದು ಹೊರಗಿಟ್ಟರೆ ಏನಾಗುತ್ತದೆ?

ಸಿಐಎಸ್‌ಜಿಯ 6ನೇ ವಿಧಿಯೇ ಅದನ್ನು ಹೊರಗಿಡುವ ಸ್ವಾತಂತ್ರ್ಯ ಕೊಡುತ್ತದೆ. ಯುರೋಪಿನ ಕಂಪನಿಗಳ ಸಿದ್ಧ ನಮೂನೆಗಳಲ್ಲಿ 'ಜರ್ಮನ್ ಕಾನೂನು ಅನ್ವಯ, ಸಿಐಎಸ್‌ಜಿ ಹೊರತುಪಡಿಸಿ' ಎಂಬ ಸಾಲು ಸಾಮಾನ್ಯ. ರಫ್ತುದಾರರು ಇದನ್ನು ಓದದೆ ಸಹಿ ಹಾಕುವುದೂ ಸಾಮಾನ್ಯ.

ಹೊರಗಿಟ್ಟಾಗ ಆ ಜಾಗ ಖಾಲಿ ಉಳಿಯುವುದಿಲ್ಲ, ಜರ್ಮನಿಯ ದೇಶೀಯ ಕಾನೂನು ಬಂದು ಕೂರುತ್ತದೆ. ಅದು ಮಾರಾಟಗಾರನಿಗೆ ಕೆಟ್ಟದ್ದೇ ಎನ್ನಲಾಗದು. ಜರ್ಮನಿಯ ವಾಣಿಜ್ಯ ಸಂಹಿತೆಯ 377ನೇ ಸೆಕ್ಷನ್ ಖರೀದಿಸುವ ವ್ಯಾಪಾರಿಯ ಮೇಲೆ ಕಠಿಣ: ಸರಕನ್ನು ವಿಳಂಬವಿಲ್ಲದೆ ಪರೀಕ್ಷಿಸಬೇಕು, ದೋಷ ಕಂಡರೆ ಕೂಡಲೇ ತಿಳಿಸಬೇಕು. ತಪ್ಪಿದರೆ ಸರಕು ಒಪ್ಪಿದಂತೆ. ಸಿಐಎಸ್‌ಜಿ 'ಸಮಂಜಸ ಸಮಯ' ಕೊಡುತ್ತದೆ, ಜರ್ಮನ್ ನ್ಯಾಯಾಲಯಗಳು ಅದನ್ನು ಸುಮಾರು ಒಂದು ತಿಂಗಳವರೆಗೂ ಹಿಗ್ಗಿಸಿದ್ದುಂಟು.

ಪರಿಹಾರದಲ್ಲೂ ವ್ಯತ್ಯಾಸವಿದೆ. ಸಿಐಎಸ್‌ಜಿಯಲ್ಲಿ ಮಾರಾಟಗಾರನ ತಪ್ಪಿತ್ತೇ ಎಂದು ಕೇಳುವುದಿಲ್ಲ. ತನ್ನ ಹಿಡಿತಕ್ಕೆ ಮೀರಿದ ಅಡ್ಡಿಯಿಂದ ಹೀಗಾಯಿತು ಎಂದು ತೋರಿಸದಿದ್ದರೆ ಪರಿಹಾರ ಕೊಡಲೇಬೇಕು. ಜರ್ಮನಿಯ ದೇಶೀಯ ಕಾನೂನಿನಲ್ಲಿ, ದೋಷಕ್ಕೆ ತಾನು ಹೊಣೆಯಲ್ಲ ಎಂದು ಸಾಬೀತು ಮಾಡಿದ ಮಾರಾಟಗಾರ ನಷ್ಟ ಪರಿಹಾರದಿಂದ ಪಾರಾಗುವ ಅವಕಾಶವಿದೆ. ಖರೀದಿದಾರನೇ ಬರೆದ ನಮೂನೆ ಕೆಲವೊಮ್ಮೆ ಮಾರಾಟಗಾರನಿಗೇ ನೆರವಾಗುವುದು ಇದರಿಂದ. ಆದರೆ ಅದೇ ನಮೂನೆಯ ಇನ್ನೊಂದು ಕಲಂ ತಪಾಸಣೆಯ ಗಡುವನ್ನು ಸಡಿಲಿಸಿದೆಯೇ ಎಂದೂ ನೋಡಬೇಕು.

ಕೈಕೊಡುವುದು ಅರ್ಧ ಬರೆದ ಸಾಲು. 'ಸಿಐಎಸ್‌ಜಿ ಅನ್ವಯಿಸದು' ಎಂದಷ್ಟೇ ಬರೆದು ಬೇರೆ ಕಾನೂನು ಹೇಳದಿದ್ದರೆ, ಯಾವ ದೇಶದ ಕಾನೂನು ಎಂಬ ಮೊದಲ ಪ್ರಶ್ನೆಗೇ ವಾಪಸ್. 'ಭಾರತದ ಕಾನೂನು, ಸಿಐಎಸ್‌ಜಿ ಹೊರತುಪಡಿಸಿ' ಎಂಬುದರಲ್ಲಿ ಎರಡನೇ ಭಾಗ ಅನಗತ್ಯ, ಆದರೆ ಹಾನಿಯಿಲ್ಲ. ಬೇಕೆಂದರೆ ಉಲ್ಟಾ ಕೂಡ ಮಾಡಬಹುದು: ಬೆಲೆ ಬೇಗ ಏರಿಳಿಯುವ ಸರಕು ಮಾರುವವನು 'ಜರ್ಮನ್ ಕಾನೂನು, ಸಿಐಎಸ್‌ಜಿ ಸೇರಿದಂತೆ' ಎಂದು ಬರೆಸಿಕೊಂಡರೆ, ಸಣ್ಣ ಲೋಪಕ್ಕೆ ಇಡೀ ಕಂಟೇನರ್ ತಿರಸ್ಕಾರವಾಗುವ ಭಯ ಕಡಿಮೆ. ಸಿಐಎಸ್‌ಜಿ ಮುಟ್ಟದ ವಿಷಯಗಳಿಗೆ, ಉದಾಹರಣೆಗೆ ಸರಕಿನ ಮಾಲೀಕತ್ವ ಯಾವಾಗ ಬದಲಾಯಿತು, ದಾವೆ ಹೂಡಲು ಎಷ್ಟು ವರ್ಷ ಎಂಬುದಕ್ಕೆ, ಹೆಸರಿಸಿದ ದೇಶದ ಕಾನೂನು ಬೇಕೇ ಬೇಕು.

ಈ ಸಾಲು ಇರಬೇಕಾದ ಜಾಗವೂ ಮುಖ್ಯ. ಇಮೇಲ್‌ನಲ್ಲಿ ದರ, ತೂಕ, ದಿನಾಂಕ ಒಪ್ಪಿ ಆದ ಮೇಲೆ ಇನ್‌ವಾಯ್ಸ್‌ನ ಹಿಂಬದಿಯಲ್ಲಿ ಸಣ್ಣ ಅಕ್ಷರದಲ್ಲಿ ಕಾನೂನು ಹೇಳಿದರೆ, ಒಪ್ಪಂದ ಅದಾಗಲೇ ಮುಗಿದಿದೆ, ಇದು ಅದರ ಭಾಗವಲ್ಲ ಎಂಬ ವಾದ ಎದುರಾಗುತ್ತದೆ. ಆರ್ಡರ್ ಖಚಿತಪಡಿಸುವ ಪತ್ರದಲ್ಲೇ ಅದನ್ನು ಬರೆದು, ಖರೀದಿದಾರನಿಂದ ಉತ್ತರ ಪಡೆದು ಇಟ್ಟುಕೊಂಡವರಿಗೆ ಆ ತೊಂದರೆ ಇರುವುದಿಲ್ಲ.