ಕಾರಣ ಕೇಳುವ ನೋಟಿಸ್ ತೀರ್ಪು ಕೊಡಬಾರದು

1980ರ ಡಿಸೆಂಬರ್ 12ರಂದು ಹರಿಯಾಣದ ಒಂದು ಕಾರ್ಖಾನೆ ತನ್ನ ಕಾರ್ಮಿಕ ಡಿ.ಕೆ. ಯಾದವ್ ಅವರಿಗೆ ಪತ್ರ ಕಳಿಸಿತು. ನೀವು 3ನೇ ತಾರೀಖಿನಿಂದ ಎಂಟು ದಿನಕ್ಕೂ ಹೆಚ್ಚು ಕಾಲ ರಜೆಯಿಲ್ಲದೆ ಗೈರುಹಾಜರಾಗಿದ್ದೀರಿ, ಆದ್ದರಿಂದ ಸ್ಥಾಯಿ ಆದೇಶದ ಪ್ರಕಾರ ತಾವೇ ಕೆಲಸ ಬಿಟ್ಟಂತಾಯಿತು ಎಂಬುದು ಅದರ ಸಾರ. ಯಾದವ್ ಹೇಳಿದ್ದು ಬೇರೆಯೇ: ದಿನವೂ ಬರುತ್ತಿದ್ದೆ, ಗೇಟಿನಲ್ಲೇ ತಡೆದರು. ಕಾರ್ಮಿಕ ನ್ಯಾಯಾಲಯ ಆಡಳಿತದ ಮಾತನ್ನು ಎತ್ತಿಹಿಡಿಯಿತು. 1993ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ತಳ್ಳಿಹಾಕಿತು. ಸ್ಥಾಯಿ ಆದೇಶ ಏನೇ ಹೇಳಲಿ, ಹೇಳಿಕೊಳ್ಳಲು ಅವಕಾಶ ಕೊಡದೆ, ವಿಚಾರಣೆ ಮಾಡದೆ ಒಬ್ಬನ ಜೀವನೋಪಾಯ ಕಿತ್ತುಕೊಳ್ಳುವಂತಿಲ್ಲ ಎಂದಿತು. ಅರ್ಧ ಹಿಂಬಾಕಿ ವೇತನದೊಂದಿಗೆ ಯಾದವ್ ಅವರನ್ನು ಮರಳಿ ಕೆಲಸಕ್ಕೆ ತೆಗೆದುಕೊಳ್ಳಬೇಕೆಂದು ಆದೇಶಿಸಿತು.

ಕೇಳದೆಯೇ ತೀರ್ಮಾನ ಮಾಡಿದ್ದು ಆ ಪತ್ರದ ದೋಷ. ಇಂದಿಗೂ ಎಷ್ಟೋ ನೋಟಿಸುಗಳು ತಲೆಬರಹದಲ್ಲಿ ಕಾರಣ ಕೇಳಿ, ಒಳಗೆ ‘ನೀವು ಬೇಜವಾಬ್ದಾರಿಯಿಂದ, ಬೇಕೆಂದೇ ಕೆಲಸ ತಪ್ಪಿಸಿದ್ದೀರಿ’ ಎಂದು ತೀರ್ಪು ಬರೆದುಬಿಡುತ್ತವೆ. 2010ರಲ್ಲಿ ಸುಪ್ರೀಂ ಕೋರ್ಟ್ ಓರಿಕ್ಸ್ ಫಿಶರೀಸ್ ಪ್ರಕರಣದಲ್ಲಿ ಈ ಚಾಳಿಯನ್ನೇ ಹಿಡಿದು ಝಾಡಿಸಿತು. ಅದು ನೌಕರರ ವಿಷಯವಲ್ಲ, ಸಮುದ್ರೋತ್ಪನ್ನ ರಫ್ತಿಗೆ ಸಂಬಂಧಿಸಿದ್ದು. ಆದರೆ ಅಲ್ಲಿ ಹೇಳಿದ ತತ್ವ ಇಲ್ಲಿಗೂ ಸಲ್ಲುತ್ತದೆ: ನೋಟಿಸಿನಲ್ಲೇ ತಪ್ಪಿತಸ್ಥನೆಂದು ಬರೆದ ಮೇಲೆ ಉತ್ತರ ಕೇಳುವುದು ಬರೀ ಶಾಸ್ತ್ರ.

ಒಂದು ಉದಾಹರಣೆ ಕಟ್ಟಿಕೊಳ್ಳೋಣ. ಪೀಣ್ಯದ ಒಂದು ವರ್ಕ್‌ಶಾಪ್. ಲೇತ್ ಆಪರೇಟರ್ ಒಬ್ಬರು 2025ರ ಜೂನ್ 2ರ ಸೋಮವಾರ ಪಂಚ್ ಮಾಡಿ ಹೋದವರು ಮತ್ತೆ ಬಂದಿಲ್ಲ. ರಜೆ ಅರ್ಜಿ ಇಲ್ಲ. ಸೂಪರ್‌ವೈಸರ್ ಎರಡು ಸಲ ಫೋನ್ ಮಾಡಿದ್ದಾರೆ, ಸ್ವಿಚ್ ಆಫ್. ಜೂನ್ 14ಕ್ಕೆ ನೋಟಿಸ್ ಹೊರಡಬೇಕು. ನಾನಾದರೆ ಹೀಗೆ ಬರೆಯುತ್ತೇನೆ:

‘ಹಾಜರಾತಿ ದಾಖಲೆಯ ಪ್ರಕಾರ ನೀವು ಜೂನ್ 3ರಿಂದ ಈವರೆಗೆ ಕೆಲಸಕ್ಕೆ ಬಂದಿಲ್ಲ. ರಜೆ ಅರ್ಜಿಯಾಗಲಿ ಬೇರೆ ಮಾಹಿತಿಯಾಗಲಿ ನಮಗೆ ಬಂದಿಲ್ಲ. ಜೂನ್ 5 ಮತ್ತು 7ರಂದು ಕರೆ ಮಾಡಿದಾಗ ನಿಮ್ಮ ಫೋನ್ ಸ್ವಿಚ್ ಆಫ್ ಆಗಿತ್ತು. ರಜೆಯಿಲ್ಲದೆ 10 ದಿನಕ್ಕೂ ಹೆಚ್ಚು ಗೈರಾಗುವುದು ನಮ್ಮ ಸ್ಥಾಯಿ ಆದೇಶದಲ್ಲಿ ದುರ್ನಡತೆ ಎನಿಸಬಹುದು. ಆದ್ದರಿಂದ ಶಿಸ್ತುಕ್ರಮ ಏಕೆ ಆರಂಭಿಸಬಾರದು ಎಂಬುದಕ್ಕೆ ಈ ಪತ್ರ ತಲುಪಿದ 7 ದಿನಗಳೊಳಗೆ ಲಿಖಿತ ಕಾರಣ ನೀಡಿ. ಅನಾರೋಗ್ಯವೋ ಬೇರೆ ತೊಂದರೆಯೋ ಇದ್ದರೆ ದಾಖಲೆ ಲಗತ್ತಿಸಿ. ಹೆಚ್ಚು ಸಮಯ ಬೇಕಿದ್ದರೆ ಗಡುವಿನೊಳಗೆ ತಿಳಿಸಿ. ಉತ್ತರ ಬರದಿದ್ದರೆ ಲಭ್ಯವಿರುವ ದಾಖಲೆಗಳ ಮೇಲೆ ಮುಂದಿನ ಕ್ರಮ ಜರುಗಿಸಲಾಗುವುದು.’

ಇದರಲ್ಲಿ ‘ಬೇಕೆಂದೇ’ ಎಂಬ ಮಾತಿಲ್ಲ. ಗೈರುಹಾಜರಿ ಉದ್ದೇಶಪೂರ್ವಕ ಎಂದು ರುಜುವಾತಾಗದಿದ್ದರೆ ಅದು ದುರ್ನಡತೆಯಲ್ಲ ಎಂದು ಸುಪ್ರೀಂ ಕೋರ್ಟಿನ 2012ರ ಕೃಷ್ಣಕಾಂತ್ ಪರ್ಮಾರ್ ತೀರ್ಪು ಹೇಳಿತು. ಉದ್ದೇಶ ವಿಚಾರಣೆಯಲ್ಲಿ ತಿಳಿಯಬೇಕಾದದ್ದು. ಪತ್ರ ಬರೆಯುವವನಿಗೆ ಗೊತ್ತಿರುವುದು ತಾರೀಖುಗಳು ಮಾತ್ರ. ಕೊನೆಯ ವಾಕ್ಯವೂ ‘ವಜಾ ಮಾಡಲಾಗುವುದು’ ಎನ್ನುವುದಿಲ್ಲ. ಶಿಕ್ಷೆ ನಿರ್ಧರಿಸುವ ಹೊತ್ತು ಅದಲ್ಲ.

ಗಡುವಿನ ವಿಷಯದಲ್ಲಿ ಎಡವುವವರೇ ಹೆಚ್ಚು. ಪತ್ರದ ತಾರೀಖಿನಿಂದ ಏಳು ದಿನ ಎಂದು ಬರೆದು, ಅಂಚೆಗೆ ಹಾಕುವುದು ಮೂರು ದಿನ ತಡವಾದರೆ, ರಾಯಚೂರಿನ ಹಳ್ಳಿಯಲ್ಲಿರುವ ಆಪರೇಟರ್ ಕೈಗೆ ಅದು ಸೇರುವ ಹೊತ್ತಿಗೆ ಗಡುವು ಮುಗಿದಿರುತ್ತದೆ. ಅದಕ್ಕೇ ‘ತಲುಪಿದ’ ದಿನದಿಂದ ಎಣಿಸಬೇಕು. ತಲುಪಿದ್ದಕ್ಕೆ ಸಾಕ್ಷಿಯೂ ಬೇಕು. ದಾಖಲೆಯಲ್ಲಿರುವ ಪೀಣ್ಯದ ಬಾಡಿಗೆ ಮನೆ ಮತ್ತು ಊರಿನ ಕಾಯಂ ವಿಳಾಸ ಎರಡಕ್ಕೂ, ತಲುಪಿದ ದಾಖಲೆ ಸಿಗುವ ಅಂಚೆಯಲ್ಲಿ ಕಳಿಸುವುದು ಕ್ಷೇಮ. ವಾಟ್ಸ್‌ಆ್ಯಪ್‌ನಲ್ಲೂ ಒಂದು ಪ್ರತಿ ಹಾಕಬಹುದು, ಆದರೆ ಫೋನೇ ಸ್ವಿಚ್ ಆಫ್ ಆಗಿರುವವರಿಗೆ ಅದೊಂದನ್ನೇ ನಂಬಿ ಕೂರುವುದು ಬೇಡ. ಲಕೋಟೆ ಮರಳಿ ಬಂದರೆ ಮೇಲಿನ ಷರಾ ಓದಿ: ‘ಪಡೆಯಲು ನಿರಾಕರಿಸಿದರು’ ಎಂಬುದಕ್ಕೂ ‘ಬಾಗಿಲು ಹಾಕಿದೆ’ ಎಂಬುದಕ್ಕೂ ಬಹಳ ವ್ಯತ್ಯಾಸವಿದೆ. ಮೊದಲನೆಯದರಲ್ಲಿ ನೋಟಿಸ್ ತಲುಪಿದೆ ಎಂದು ಸಾಮಾನ್ಯವಾಗಿ ವಾದಿಸಬಹುದು, ಎರಡನೆಯದಕ್ಕೆ ಮತ್ತೊಮ್ಮೆ ಕಳಿಸಬೇಕು. ಭಾಷೆ ಕನ್ನಡದಲ್ಲಿರಲಿ, ಇಂಗ್ಲಿಷ್ ಪತ್ರ ಓದಿಸಿಕೊಳ್ಳಲು ಪಕ್ಕದ ಮನೆಗೆ ಹೋಗಬೇಕಾದ ನೌಕರನಿಗೆ ಏಳು ದಿನ ಏಳು ದಿನವಲ್ಲ.

ಆಪರೇಟರ್ ಎಂಟನೇ ದಿನ ಉತ್ತರ ಕೊಟ್ಟರೆ? ಒಂದು ದಿನ ತಡ ಎಂದು ಓದದೆ ಬದಿಗಿಡುವ ಆಡಳಿತಗಳಿವೆ. ಅದು ಜಿದ್ದು. ಉತ್ತರದ ಜೊತೆ ಅಪ್ಪನ ಆಸ್ಪತ್ರೆಯ ಡಿಸ್ಚಾರ್ಜ್ ಪತ್ರವೋ ತನ್ನದೇ ಇಎಸ್‌ಐ ಪ್ರಮಾಣಪತ್ರವೋ ಇದ್ದರೆ ತಾರೀಖುಗಳು ಜೂನ್ 3ರಿಂದ ಹೊಂದುತ್ತವೆಯೇ ಎಂದು ನೋಡಬೇಕು. ಹೊಂದಿದರೆ ರಜೆಯಾಗಿ ಪರಿಗಣಿಸಬಹುದು, ಬೇಕಿದ್ದರೆ ಮುಂದೆ ಮೊದಲೇ ತಿಳಿಸಿ ಎಂಬ ಒಂದು ಎಚ್ಚರಿಕೆ ಸಾಕು. ಅರ್ಧ ಅವಧಿಗಷ್ಟೇ ದಾಖಲೆ ಇದ್ದು ಉಳಿದದ್ದಕ್ಕೆ ಸಮಾಧಾನವಿಲ್ಲದಿದ್ದರೆ, ಅಥವಾ ಎರಡನೇ ನೋಟಿಸಿಗೂ ಉತ್ತರ ಬಾರದಿದ್ದರೆ, ಆರೋಪಪಟ್ಟಿ ಕೊಟ್ಟು ವಿಚಾರಣಾಧಿಕಾರಿಯನ್ನು ನೇಮಿಸಿ ಆಂತರಿಕ ವಿಚಾರಣೆ ನಡೆಸಬೇಕು. ಆ ಕಡತದ ಮೊದಲ ಹಾಳೆಯಾಗಿ ಇದೇ ನೋಟಿಸ್ ನಾಳೆ ಕಾರ್ಮಿಕ ನ್ಯಾಯಾಲಯದ ಮೇಜಿನ ಮೇಲೆ ಬೀಳುತ್ತದೆ.