ಮಾನಸಿಕ ವೈದ್ಯರು ‘ಸುಮ್ಮನೆ ಮಾತಾಡಿಸಿ’ ಚೀಟಿ ಬರೆಯುತ್ತಾರಾ? ಆ ಮಾತುಕತೆಯಲ್ಲಿ ಅವರು ಬರೆದುಕೊಳ್ಳುವುದೇನು?

“ಮಾನಸಿಕ ವೈದ್ಯರ ಹತ್ತಿರ ಹೋದರೆ ಪರೀಕ್ಷೆ ಅಂತ ಏನೂ ಇಲ್ಲ, ನಾಲ್ಕು ಮಾತಾಡಿಸಿ ಮಾತ್ರೆ ಬರೆದುಬಿಡ್ತಾರೆ.” ಈ ಮಾತನ್ನು ನೀವೂ ಕೇಳಿರುತ್ತೀರಿ, ಬೇರೆ ಬೇರೆ ರೂಪದಲ್ಲಿ ಫಾರ್ವರ್ಡ್ ಆಗಿ ಬಂದಿರಲೂಬಹುದು. ಇದರಲ್ಲಿ ಅರ್ಧ ಸತ್ಯವಿದೆ. ವೈದ್ಯರು ಮಾತಾಡಿಸುವುದು ನಿಜ. ಆದರೆ ಆ ಮಾತುಕತೆಯೇ ಪರೀಕ್ಷೆ. ಹೃದಯದ ವೈದ್ಯರು ಎದೆಗೆ ಸ್ಟೆತಸ್ಕೋಪ್ ಇಟ್ಟು ಕೇಳಿಸಿಕೊಂಡಂತೆ, ಇವರು ಎದುರಿಗಿರುವವರನ್ನು ಒಂದು ಕ್ರಮದಲ್ಲಿ ಗಮನಿಸಿ, ಕಂಡದ್ದನ್ನೂ ಕೇಳಿದ್ದನ್ನೂ ಬರೆದಿಡುತ್ತಾರೆ. ಇದರ ಹೆಸರು ಮೆಂಟಲ್ ಸ್ಟೇಟಸ್ ಎಕ್ಸಾಮಿನೇಷನ್, ಕನ್ನಡದಲ್ಲಿ ಮನಃಸ್ಥಿತಿ ಪರೀಕ್ಷೆ ಎನ್ನಬಹುದು.

ಈ ಬರವಣಿಗೆಗೆ ಮುಖ್ಯವಾದ ನಿಯಮ ಒಂದೇ: ತೀರ್ಪು ಬರೆಯಬಾರದು, ಕಂಡದ್ದನ್ನು ಬರೆಯಬೇಕು. “ವಿಚಿತ್ರವಾಗಿ ಆಡುತ್ತಾರೆ” ಎಂದು ಬರೆದರೆ ಮುಂದಿನ ವೈದ್ಯರಿಗೆ ಅದರಿಂದ ಏನೂ ತಿಳಿಯುವುದಿಲ್ಲ. “ಹತ್ತು ನಿಮಿಷದಲ್ಲಿ ಮೂರು ಸಲ ಎದ್ದು ಬಾಗಿಲ ಚಿಲಕ ನೋಡಿ ಬಂದರು” ಎಂದು ಬರೆದರೆ ತಿಳಿಯುತ್ತದೆ.

ಇದು ಹೇಗೆ ನಡೆಯುತ್ತದೆ ಎಂದು ತೋರಿಸಲು ನಾವು ಒಂದು ಉದಾಹರಣೆ ಕಟ್ಟಿಕೊಂಡಿದ್ದೇವೆ. ಇದು ಯಾರೋ ಒಬ್ಬರ ಕಥೆಯಲ್ಲ, ಇಂಥ ಹಲವರಲ್ಲಿ ಕಾಣುವ ಲಕ್ಷಣಗಳನ್ನು ಒಬ್ಬರಲ್ಲಿ ಸೇರಿಸಿದ್ದೇವೆ, ಅಷ್ಟೆ. 68 ವರ್ಷದ ನಿವೃತ್ತ ಗಣಿತದ ಮೇಷ್ಟ್ರು. ಬಿಪಿಗೆ ಮಾತ್ರೆ ತೆಗೆದುಕೊಳ್ಳುತ್ತಾರೆ, ಉಳಿದಂತೆ ಗಟ್ಟಿಮುಟ್ಟು. ಮೂರು ದಿನದಿಂದ ಹಗಲೆಲ್ಲ ತೂಕಡಿಕೆ, ರಾತ್ರಿ ನಿದ್ದೆಯಿಲ್ಲ. ಅಟ್ಟದ ಮೇಲೆ ಮಕ್ಕಳು ಕೂತಿದ್ದಾರೆ ಎನ್ನುತ್ತಾರೆ. ಸೊಸೆ ಊಟದಲ್ಲಿ ಏನೋ ಬೆರೆಸುತ್ತಾಳೆ ಎಂದು ತಟ್ಟೆ ತಳ್ಳುತ್ತಾರೆ. ಪಕ್ಕದ ಮನೆಯವರು “ಗಾಳಿ ಸೋಕಿದೆ” ಎಂದರು. ನೆಂಟರೊಬ್ಬರು “ವಯಸ್ಸಾಯ್ತು, ಅರಳು ಮರಳು” ಎಂದರು. ಮಗ ಆಸ್ಪತ್ರೆಗೆ ಕರೆತಂದ. ಅಲ್ಲಿ ವೈದ್ಯರು ಬರೆದ ಟಿಪ್ಪಣಿಯನ್ನು ಒಂದೊಂದಾಗಿ ನೋಡೋಣ. ಸಾಮಾನ್ಯವಾಗಿ ಇದು ಇಂಗ್ಲಿಷಿನಲ್ಲಿರುತ್ತದೆ, ನಾವು ಕನ್ನಡದಲ್ಲಿ ಕೊಡುತ್ತಿದ್ದೇವೆ.

ಮೊದಲು ಬರೆಯುವುದು ತೋರಿಕೆ ಮತ್ತು ವರ್ತನೆ. “ಸಂಜೆ 4 ಗಂಟೆ. ಶರ್ಟಿನ ಗುಂಡಿಗಳು ಮೇಲೆ ಕೆಳಗೆ ಆಗಿವೆ. ಗಡ್ಡ ಮೂರ್ನಾಲ್ಕು ದಿನದ್ದು. ಮಾತಿನ ನಡುವೆ ಎರಡು ಸಲ ನಿದ್ದೆಗೆ ಜಾರಿದರು, ಜೋರಾಗಿ ಕರೆದಾಗ ಕಣ್ಣು ಬಿಟ್ಟರು. ಬೆರಳುಗಳಿಂದ ಹೊದಿಕೆಯನ್ನು ಹೆಕ್ಕುತ್ತಲೇ ಇದ್ದಾರೆ.” ಇದರಲ್ಲಿ ಬಹಳ ಮುಖ್ಯವಾದದ್ದು ನಿದ್ದೆಗೆ ಜಾರಿದ್ದು. ಎಚ್ಚರದ ಮಟ್ಟವೇ ಏರಿಳಿಯುತ್ತಿದ್ದರೆ ಮುಂದಿನ ಎಲ್ಲ ಉತ್ತರಗಳನ್ನೂ ಆ ಬೆಳಕಿನಲ್ಲೇ ಓದಬೇಕಾಗುತ್ತದೆ.

ಆಮೇಲೆ ಮಾತು. ಏನು ಹೇಳಿದರು ಎನ್ನುವುದು ಇಲ್ಲಿ ಬರುವುದಿಲ್ಲ, ಹೇಗೆ ಹೇಳಿದರು ಎನ್ನುವುದು ಬರುತ್ತದೆ. “ದನಿ ಸಣ್ಣದು, ನಿಧಾನ. ಪ್ರಶ್ನೆ ಕೇಳಿದ ಮೇಲೆ ಉತ್ತರಕ್ಕೆ ಹೊತ್ತು ಹಿಡಿಯುತ್ತದೆ. ಒಂದೆರಡು ಪದಗಳಲ್ಲಿ ಉತ್ತರ.”

ಮನಸ್ಸಿನ ಭಾವವನ್ನು ಎರಡು ಸಾಲಿನಲ್ಲಿ ಬರೆಯುತ್ತಾರೆ, ಎರಡೂ ಬೇರೆ ಬೇರೆ. ರೋಗಿ ತಾನೇ ಹೇಳಿದ್ದು ಒಂದು, ಅದು ಅವರ ಮಾತಿನಲ್ಲೇ ಉದ್ಧರಣ ಚಿಹ್ನೆಯೊಳಗೆ ಇರಬೇಕು. ಮೇಷ್ಟ್ರು ಹೇಳಿದ್ದು: “ಏನೋ ದಿಗಿಲು.” ವೈದ್ಯರ ಕಣ್ಣಿಗೆ ಕಂಡದ್ದು ಇನ್ನೊಂದು: “ಹೆದರಿದ ಮುಖ, ಸದ್ದಾದರೆ ಬೆಚ್ಚುತ್ತಾರೆ, ಸ್ವಲ್ಪ ಹೊತ್ತಿಗೆ ಶಾಂತ.” ಎರಡನ್ನೂ ಬರೆಯುವುದೇಕೆಂದರೆ ಅವು ಕೆಲವೊಮ್ಮೆ ಒಂದಕ್ಕೊಂದು ಕೂಡುವುದಿಲ್ಲ. “ಚೆನ್ನಾಗಿದ್ದೀನಿ ಡಾಕ್ಟ್ರೇ” ಎನ್ನುತ್ತಲೇ ಕಣ್ಣೀರು ಹಾಕುವವರಿದ್ದಾರೆ. ಆ ಅಂತರವೂ ದಾಖಲಾಗಬೇಕು.

ಯೋಚನೆಯ ಭಾಗಕ್ಕೆ ಸ್ವಲ್ಪ ಹೆಚ್ಚು ಜಾಗ ಕೊಡಬೇಕು. ಸೊಸೆಯ ಬಗ್ಗೆ ಮೇಷ್ಟ್ರು ಹೇಳಿದ್ದನ್ನು ಕೇಳಿದ ಕೂಡಲೇ ‘ಭ್ರಮೆ’ ಎಂದು ಬರೆಯಬಹುದಿತ್ತು. ವೈದ್ಯರ ಭಾಷೆಯಲ್ಲಿ ಡೆಲ್ಯೂಷನ್ ಎನ್ನಲು ಅದು ಗಟ್ಟಿಯಾಗಿ ಬೇರೂರಿರಬೇಕು, ಎದುರಿಗೆ ಸಾಕ್ಷಿ ಇಟ್ಟರೂ ಅಲುಗಬಾರದು, ಆ ವ್ಯಕ್ತಿಯ ಊರು, ಜನ, ನಂಬಿಕೆಗಳ ನಡುವೆ ಸಹಜವಾಗಿ ಒಪ್ಪುವಂಥದ್ದೂ ಆಗಿರಬಾರದು. ಜಾತ್ರೆಯಲ್ಲಿ ಮೈಮೇಲೆ ದೇವರು ಬರುತ್ತದೆ ಎಂದು ಇಡೀ ಊರೇ ನಂಬುವಲ್ಲಿ, ಒಬ್ಬರು ಹಾಗೆ ಹೇಳಿದ ಮಾತ್ರಕ್ಕೆ ಅದನ್ನು ಕಾಯಿಲೆಯ ಲಕ್ಷಣ ಎಂದು ಬರೆಯುವಂತಿಲ್ಲ. ಮೇಷ್ಟ್ರ ವಿಷಯದಲ್ಲಿ ವೈದ್ಯರು ಅರ್ಧ ಗಂಟೆ ಬಿಟ್ಟು ಮತ್ತೆ ಕೇಳಿದರು. ಟಿಪ್ಪಣಿ ಹೀಗಿದೆ: “ಸೊಸೆ ಊಟದಲ್ಲಿ ಪುಡಿ ಬೆರೆಸುತ್ತಾಳೆ ಎಂದರು. ಅರ್ಧ ಗಂಟೆಯ ನಂತರ ಕೇಳಿದಾಗ, ‘ನಾನು ಹಾಗಂದ್ನಾ?’ ಎಂದರು. ನಂಬಿಕೆ ಸ್ಥಿರವಾಗಿಲ್ಲ.” ಸೊಸೆಗೆ ಇದು ಗೊತ್ತಾಗುವುದೂ ಮುಖ್ಯ ಎನಿಸುತ್ತದೆ ನಮಗೆ.

ಇದೇ ಭಾಗದಲ್ಲಿ ಇನ್ನೊಂದು ಸಾಲು ಇರಲೇಬೇಕು: “ಸಾಯುವ ಯೋಚನೆ ಇದೆಯೇ ಎಂದು ಕೇಳಲಾಯಿತು, ಇಲ್ಲ ಎಂದರು.” ‘ಕೇಳಲಾಯಿತು’ ಎಂಬ ಪದವಿಲ್ಲದೆ ಬರೀ ‘ಇಲ್ಲ’ ಎಂದಿದ್ದರೆ, ಕೇಳಿ ಇಲ್ಲ ಎಂದದ್ದೋ ಕೇಳಲೇ ಇಲ್ಲವೋ ಓದಿದವರಿಗೆ ಗೊತ್ತಾಗುವುದಿಲ್ಲ. ಹೀಗೆ ಕೇಳಿದರೆ ಇಲ್ಲದ ಯೋಚನೆ ತಲೆಗೆ ಬರುತ್ತದೆ ಎಂಬ ನಂಬಿಕೆ ಬಹಳ ಜನರಲ್ಲಿದೆ. ಸಂಶೋಧನೆಗಳು ಅದನ್ನು ಬೆಂಬಲಿಸುವುದಿಲ್ಲ. ನೇರವಾಗಿ ಕೇಳಿದರೆ ಎಷ್ಟೋ ಜನಕ್ಕೆ ಹೇಳಿಕೊಳ್ಳಲು ದಾರಿಯಾಗುತ್ತದೆ. ನಿಮ್ಮ ಮನೆಯಲ್ಲಿ ಯಾರಿಗಾದರೂ ಅಂಥ ಯೋಚನೆ ಇದ್ದರೆ ಸರ್ಕಾರದ ಟೆಲಿ ಮಾನಸ್ ಉಚಿತ ಸಹಾಯವಾಣಿ 14416ಕ್ಕೆ ಕರೆ ಮಾಡಬಹುದು.

ಇನ್ನು ಅಟ್ಟದ ಮೇಲಿನ ಮಕ್ಕಳು. ನೇತುಹಾಕಿದ ಟವೆಲ್ ಮನುಷ್ಯನಂತೆ ಕಂಡರೆ ಅಲ್ಲಿ ವಸ್ತು ಇದೆ, ನೋಟ ತಪ್ಪಿದೆ. ಏನೂ ಇಲ್ಲದ ಕಡೆ ಕಂಡರೆ ಅದು ಬೇರೆ. ಹಾಗಾಗಿ ವೈದ್ಯರು ಕೆದಕಿ ಕೇಳುತ್ತಾರೆ. “ಮೂಲೆಯಲ್ಲಿ ಎರಡು ಚಿಕ್ಕ ಮಕ್ಕಳು ಕಾಣುತ್ತಾರೆ, ಮಾತಾಡುವುದಿಲ್ಲ ಎಂದರು. ಆ ಮೂಲೆ ಖಾಲಿ ಇದೆ. ದನಿಗಳು ಕೇಳುವುದಿಲ್ಲ.” ಸ್ಕಿಜೋಫ್ರೀನಿಯಾದಂಥ ಕಾಯಿಲೆಗಳಲ್ಲಿ ಹೆಚ್ಚಾಗಿ ಕೇಳುವುದು ದನಿಗಳು. ವಯಸ್ಸಾದವರಿಗೆ ಹಠಾತ್ತಾಗಿ ಹೀಗೆ ಕಣ್ಣಿಗೆ ಕಾಣಲು ಶುರುವಾದರೆ ದೇಹದಲ್ಲೇ ಏನೋ ತೊಂದರೆ ಇರಬಹುದೆಂಬ ಅನುಮಾನ ಬರಬೇಕು. ಇದು ಅನುಮಾನವಷ್ಟೇ, ಸಾಬೀತಲ್ಲ.

ಸಾಬೀತಿನ ಕಡೆಗೆ ಒಯ್ಯುವುದು ಮುಂದಿನ ಭಾಗ: ಗಮನ, ನೆನಪು, ಸಮಯ ಮತ್ತು ಸ್ಥಳದ ಅರಿವು. “ಈಗ ಬೆಳಿಗ್ಗೆ ಎಂದರು. ಇದು ತಮ್ಮ ಸ್ಕೂಲು ಎಂದರು. ಮಗನನ್ನು ಗುರುತಿಸಿದರು.” ಗಮನ ನೋಡಲು 100ರಿಂದ 7 ಕಳೆಯುತ್ತಾ ಹೋಗಿ ಎಂದು ಕೇಳುವ ರೂಢಿಯಿದೆ. ಶಾಲೆಗೆ ಹೋಗದವರಿಗೆ ಅದು ಗಮನದ ಪರೀಕ್ಷೆಯಾಗದೆ ಲೆಕ್ಕದ ಪರೀಕ್ಷೆಯಾಗಿಬಿಡುತ್ತದೆ, ಆಗ ವಾರದ ಹೆಸರುಗಳನ್ನು ಹಿಂದಿನಿಂದ ಹೇಳಿಸುತ್ತಾರೆ. ಇಲ್ಲಿ ಎರಡನ್ನೂ ಕೇಳಿದರು. “93 ಎಂದರು, ನಂತರ ನಿಂತುಹೋಯಿತು. ಶನಿ, ಶುಕ್ರ, ಗುರು, ಶುಕ್ರ, ಶನಿ ಎಂದರು.” ಮೂವತ್ತು ವರ್ಷ ಗಣಿತ ಕಲಿಸಿದವರು!

ಮೂರು ಪದ ಹೇಳಿ, ಐದು ನಿಮಿಷದ ನಂತರ ನೆನಪಿದೆಯೇ ಎಂದು ಕೇಳುವ ಪರೀಕ್ಷೆಯೂ ಇದೆ. ಮೇಷ್ಟ್ರಿಗೆ ಒಂದೂ ನೆನಪಿರಲಿಲ್ಲ. ಇಲ್ಲಿಯೇ ಎಷ್ಟೋ ಸಲ ಎಡವಟ್ಟಾಗುವುದು. ಅದನ್ನು ನೋಡಿ ‘ನೆನಪಿನ ಶಕ್ತಿ ಹೋಗಿದೆ’ ಎಂದು ಬರೆದರೆ ಮನೆಯವರು ಮರೆವಿನ ಕಾಯಿಲೆ, ಡಿಮೆನ್ಷಿಯಾ ಎಂದುಕೊಂಡು ವಾಪಸ್ ಹೋಗುತ್ತಾರೆ. ಗಮನವೇ ನಿಲ್ಲದಿದ್ದರೆ ಪದಗಳು ಒಳಗೆ ಹೋಗಿಯೇ ಇರುವುದಿಲ್ಲ. ಆದ್ದರಿಂದ ಸರಿಯಾದ ಟಿಪ್ಪಣಿ ಇದು: “ಗಮನ ನಿಲ್ಲದ ಕಾರಣ ನೆನಪನ್ನು ಈಗ ಅಳೆಯಲು ಆಗುವುದಿಲ್ಲ.” ಕನ್ನಡಕ, ಕಿವಿಯ ಮೆಷಿನ್ ಮನೆಯಲ್ಲೇ ಬಿಟ್ಟು ಬಂದಿದ್ದರೂ, ಬಾರದ ಭಾಷೆಯಲ್ಲಿ ಕೇಳಿದರೂ ಉತ್ತರ ತಪ್ಪುತ್ತದೆ. ಅದನ್ನೂ ಬರೆಯಬೇಕು.

ಕೊನೆಗೆ, ತನಗೆ ಏನಾಗಿದೆ ಎಂಬ ತಿಳಿವಳಿಕೆ. ಇಂಗ್ಲಿಷಿನಲ್ಲಿ ಇದನ್ನು ಇನ್‌ಸೈಟ್ ಎನ್ನುತ್ತಾರೆ. “‘ನನಗೇನೂ ಆಗಿಲ್ಲ, ನಿದ್ದೆ ಇಲ್ಲ ಅಷ್ಟೆ’ ಎಂದರು.” ಕೇಸ್ ಶೀಟಿನಲ್ಲಿ ‘ಇನ್‌ಸೈಟ್ ಇಲ್ಲ’ ಎಂದಿದ್ದರೆ ಬುದ್ಧಿ ಇಲ್ಲ ಎಂದಲ್ಲ. ಆ ಹೊತ್ತಿಗೆ, ತನಗೆ ಕಾಯಿಲೆ ಇದೆ ಎಂದು ಅವರು ಒಪ್ಪಲಿಲ್ಲ ಎಂದಷ್ಟೇ ಅರ್ಥ.

ಮಾರನೆಯ ಬೆಳಿಗ್ಗೆ 9ಕ್ಕೆ ಇದನ್ನೆಲ್ಲ ಮತ್ತೆ ಮಾಡಿದರು. ಮೇಷ್ಟ್ರು ವಾರದ ಹೆಸರುಗಳನ್ನು ಒಂದೇ ತಪ್ಪಿನೊಂದಿಗೆ ಹೇಳಿದರು. ಸಂಜೆಗೆ ಮತ್ತೆ ಗೊಂದಲ. ಹಠಾತ್ ಶುರು, ಏರಿಳಿತ, ನಿಲ್ಲದ ಗಮನ, ಮಂಪರು: ಇವು ಸೇರಿದಾಗ ವೈದ್ಯರು ಡೆಲಿರಿಯಮ್ ಎನ್ನುತ್ತಾರೆ. ನಮ್ಮ ಹಿರಿಯರು ಜ್ವರ ಏರಿ ಬಡಬಡಿಸುವವರನ್ನು ಕಂಡು ‘ಸನ್ನಿ ಹಿಡಿದಿದೆ’ ಎನ್ನುತ್ತಿದ್ದದ್ದು ಹೆಚ್ಚುಕಡಿಮೆ ಇದನ್ನೇ. ಪರೀಕ್ಷೆಯ ಹಾಳೆ ಕಾರಣವನ್ನು ಹೇಳುವುದಿಲ್ಲ, ಎಲ್ಲಿ ಹುಡುಕಬೇಕೆಂದು ಹೇಳುತ್ತದೆ. ರಕ್ತದ ಸೋಡಿಯಂ 121 ಇತ್ತು, ಇರಬೇಕಾದ್ದು 135ರಿಂದ 145. ಬಿಪಿಗೆ ಕೊಟ್ಟಿದ್ದ, ಮೂತ್ರ ಹೆಚ್ಚಿಸುವ ಮಾತ್ರೆಯಿಂದ ಅದು ಇಳಿದಿತ್ತು. ಜೊತೆಗೆ ಮೂತ್ರದ ಸೋಂಕು. ಇದನ್ನು ಹುಡುಕದೆ ನಿದ್ದೆ ಮಾತ್ರೆ ಕೊಟ್ಟು ಮನೆಗೆ ಕಳಿಸಿದ್ದರೆ ಸ್ಥಿತಿ ಇನ್ನಷ್ಟು ಕೆಡಬಹುದಿತ್ತು, ಸೋಡಿಯಂ ಇನ್ನೂ ಇಳಿದರೆ ಫಿಟ್ಸ್ ಬರುವ ಅಪಾಯವೂ ಇತ್ತು.

ಎಲ್ಲರೂ ಹೀಗೆ ಕೂಗಾಡಿ ಗಮನ ಸೆಳೆಯುವುದಿಲ್ಲ. ಕೆಲವರು ಮಾತು ಬಿಟ್ಟು, ಊಟ ಬಿಟ್ಟು, ಗೋಡೆ ಕಡೆ ಮುಖ ಮಾಡಿ ಮಲಗುತ್ತಾರೆ. ಮನೆಯವರು ಬೇಜಾರು ಎಂದುಕೊಳ್ಳುತ್ತಾರೆ, ವೈದ್ಯರೂ ಕೆಲವೊಮ್ಮೆ ಖಿನ್ನತೆ ಎಂದುಕೊಳ್ಳುತ್ತಾರೆ. ಎರಡು ಮೂರು ದಿನದಲ್ಲಿ ಹಿರಿಯರು ಹೀಗೆ ಬದಲಾದರೆ ಅದೇ ದಿನ ಆಸ್ಪತ್ರೆಗೆ ಹೋಗಿ. ಯಾವತ್ತು ಶುರುವಾಯಿತು, ದಿನದ ಯಾವ ಹೊತ್ತಿಗೆ ಹೆಚ್ಚು ಎಂದು ಬರೆದುಕೊಂಡು ಹೋಗಿ. ತೆಗೆದುಕೊಳ್ಳುವ ಎಲ್ಲ ಮಾತ್ರೆಗಳನ್ನೂ, ನೆಗಡಿಗೆಂದು ಅಂಗಡಿಯಿಂದ ತಂದದ್ದನ್ನೂ ಸೇರಿಸಿ, ಚೀಲದಲ್ಲಿ ಹಾಕಿಕೊಂಡು ಹೋಗಿ.

ಮಾನಸಿಕ ಆರೋಗ್ಯ ಆರೈಕೆ ಕಾಯ್ದೆ, 2017ರ ಪ್ರಕಾರ ಚಿಕಿತ್ಸೆ ಪಡೆಯುವವರಿಗೆ ತಮ್ಮ ವೈದ್ಯಕೀಯ ದಾಖಲೆ ನೋಡುವ ಹಕ್ಕಿದೆ, ಅದು ಗುಟ್ಟಾಗಿ ಉಳಿಯಬೇಕೆಂಬ ಹಕ್ಕೂ ಇದೆ. ಹಾಳೆಯ ಫೋಟೊ ಫ್ಯಾಮಿಲಿ ಗ್ರೂಪಿಗೆ ಹಾಕಿ “ಇದರ ಅರ್ಥ ಏನು?” ಎಂದು ಕೇಳುವ ಬದಲು ಬರೆದ ವೈದ್ಯರನ್ನೇ ಕೇಳಿ.

ಮೇಷ್ಟ್ರ ಮಾತ್ರೆ ಬದಲಾಯಿತು, ಸೋಡಿಯಂ ಅನ್ನು ನಿಧಾನವಾಗಿ ಏರಿಸಿದರು, ಸೋಂಕಿಗೆ ಔಷಧ ಕೊಟ್ಟರು. ಎಲ್ಲರೂ ಇಷ್ಟು ಬೇಗ ಸುಧಾರಿಸುವುದಿಲ್ಲ, ಕೆಲವರಿಗೆ ವಾರಗಳೇ ಹಿಡಿಯುತ್ತವೆ. ಇವರ ಎಂಟನೇ ದಿನದ ಟಿಪ್ಪಣಿ: “ಎಚ್ಚರವಾಗಿದ್ದಾರೆ. ದಿನ, ತಿಂಗಳು, ಸ್ಥಳ ಸರಿ. 93, 86, 79, 72, 65. ಮೂರರಲ್ಲಿ ಮೂರೂ ಪದ ನೆನಪಿದೆ. ಮಕ್ಕಳು ಈಗ ಕಾಣುವುದಿಲ್ಲ ಎಂದರು. ಎರಡು ತಿಂಗಳ ನಂತರ ನೆನಪಿನ ಪರೀಕ್ಷೆ ಮತ್ತೆ ಮಾಡಬೇಕು.”